ಒಂದೇ ಚಿತ್ರದಲ್ಲಿ 40 ಚೌಕಗಳು: ಯಾವುದು ಯಾವ ಹಂತಕ್ಕೆ ಸೇರಬೇಕು?

ನಂದಿನಿ

ವೈದ್ಯರ ಭೇಟಿಗೆ ಸಮಯ ಕಾಯ್ದಿರಿಸುವ ತಂತ್ರಾಂಶವೊಂದರ ವಿನ್ಯಾಸ ದಾಖಲೆ ಈಗ ನನ್ನ ಪಾಲಿಗೆ ಬಂದಿದೆ. ಅದರಲ್ಲಿರುವುದು ಒಂದೇ ಒಂದು ಚಿತ್ರ. ಸುಮಾರು 40 ಚೌಕಗಳು, ಅವುಗಳ ನಡುವೆ ಹೆಸರಿಲ್ಲದ ಬಾಣಗಳು. ರೋಗಿಯ ಚಿತ್ರದ ಪಕ್ಕದಲ್ಲೇ ಎನ್‌ಜಿನ್‌ಎಕ್ಸ್ ಇದೆ, ಅದರ ಪಕ್ಕದಲ್ಲಿ ಒಂದು ಜಾವಾ ಕ್ಲಾಸ್ ಇದೆ, ಅದರ ಕೆಳಗೆ ಡೇಟಾಬೇಸಿನ ಒಂದು ಕೋಷ್ಟಕ.

ಇದನ್ನು, ತಂತ್ರಾಂಶದ ವಿನ್ಯಾಸವನ್ನು ಹಂತಹಂತವಾಗಿ ಚಿತ್ರಿಸುವ ಸಿ4 ಪದ್ಧತಿಯಂತೆ ಕಾಂಟೆಕ್ಸ್ಟ್, ಕಂಟೇನರ್, ಕಾಂಪೊನೆಂಟ್ ಎಂದು ಮೂರು ಹಂತಗಳಾಗಿ ಬಿಡಿಸಬೇಕೆಂದಿದ್ದೇನೆ. ಹಂತಗಳ ವಿವರಣೆ ಓದಿದ್ದೇನೆ. ಓದುವಾಗ ಸುಲಭವಾಗಿ ಕಾಣುತ್ತದೆ. ಚೌಕಗಳನ್ನು ಎತ್ತಿಡಲು ಹೊರಟಾಗ ಪ್ರತಿಯೊಂದಕ್ಕೂ ಅನುಮಾನ ಬರುತ್ತದೆ. ಮುಖ್ಯವಾಗಿ ಸಿಕ್ಕಿಕೊಂಡಿರುವುದು ಇವು: ಪೋಸ್ಟ್‌ಗ್ರೆಸ್, ರೆಡಿಸ್, ರ್‍ಯಾಬಿಟ್‌ಎಂಕ್ಯೂ, ಎಪಿಐ ಸರ್ವರಿನ ಮೂರು ಪ್ರತಿಗಳು, ಪಿಡಿಎಫ್ ತಯಾರಿಸುವ ಲೈಬ್ರರಿ, ಹಣ ಪಾವತಿ ಸೇವೆ, ಇನ್ನೊಂದು ತಂಡ ನಡೆಸುವ ರೋಗಿಗಳ ದಾಖಲೆ ವ್ಯವಸ್ಥೆ, ಲಾಗಿನ್ ಟೋಕನ್ ಪರೀಕ್ಷಿಸುವ ಫಿಲ್ಟರ್. ಯಾವುದು ಎಲ್ಲಿಗೆ ಎಂದು ತೀರ್ಮಾನಿಸಲು ನೀವು ಯಾವ ಪ್ರಶ್ನೆ ಕೇಳಿಕೊಳ್ಳುತ್ತೀರಿ?

ಪ್ರವೀಣ

ಕಂಟೇನರ್ ಹಂತವನ್ನು ನೀವು ಕೈಯಿಂದ ಬರೆಯುವ ಅಗತ್ಯವೇ ಇಲ್ಲ. `docker-compose.yml` ತೆರೆಯಿರಿ. ಅದರಲ್ಲಿ ಎಷ್ಟು ಸೇವೆಗಳಿವೆಯೋ ಅಷ್ಟು ಚೌಕಗಳು. ನಮ್ಮಲ್ಲಿ ಆ ಕಡತವನ್ನು ಓದಿ ಚಿತ್ರ ಬಿಡಿಸುವ ಸಣ್ಣ ಸ್ಕ್ರಿಪ್ಟ್ ಇದೆ, ಬೇಕಿದ್ದರೆ ಕಳುಹಿಸುತ್ತೇನೆ.

ವಸಂತ

ಪ್ರವೀಣ ಅವರೇ, ಆ ಕಡತದಿಂದ ಸಿಗುವುದು ಬೇರೆಯದೇ ಚಿತ್ರ. ನಂದಿನಿಯವರ ರೋಗಿ ಬಳಸುವ ವೆಬ್ ಅಪ್ಲಿಕೇಶನ್ ಓಡುವುದು ಬ್ರೌಸರಿನಲ್ಲಿ, ಮೊಬೈಲ್ ಅಪ್ಲಿಕೇಶನ್ ಓಡುವುದು ಫೋನಿನಲ್ಲಿ. ಅವೆರಡೂ ನಿಮ್ಮ ಕಡತದಲ್ಲಿ ಇರುವುದಿಲ್ಲ, ಆದರೆ ಸಿ4ರ ಕಂಟೇನರ್ ಚಿತ್ರದಲ್ಲಿ ಇರಲೇಬೇಕು. ಲಾಗ್ ಸಂಗ್ರಹಿಸಲು ಪಕ್ಕದಲ್ಲಿ ಓಡಿಸುವ ಸಹಾಯಕ ಪ್ರಕ್ರಿಯೆ ನಿಮ್ಮ ಕಡತದಲ್ಲಿ ಇರುತ್ತದೆ, ಚಿತ್ರಕ್ಕೆ ಅದು ಬೇಡ. ಯಾವುದು ಯಾವ ಯಂತ್ರದಲ್ಲಿ ಓಡುತ್ತದೆ ಎಂದು ತೋರಿಸುವ ನಿಯೋಜನೆಯ ಚಿತ್ರಕ್ಕೆ ನಿಮ್ಮ ಸ್ಕ್ರಿಪ್ಟ್ ಒಳ್ಳೆಯ ಆರಂಭವಾಗಬಲ್ಲದು.

ನಂದಿನಿಯವರೇ, ನಾನು ಕೇಳಿಕೊಳ್ಳುವ ಪ್ರಶ್ನೆ ಹಂತಕ್ಕೊಂದರಂತೆ ಬೇರೆ. ಕಾಂಟೆಕ್ಸ್ಟ್ ಹಂತದಲ್ಲಿ: ಇದು ನಮ್ಮ ಹೊಣೆಯೋ, ಇನ್ನೊಬ್ಬರ ಹೊಣೆಯೋ? ಕಂಟೇನರ್ ಹಂತದಲ್ಲಿ: ಉಳಿದವು ನಡೆಯುತ್ತಿರುವಾಗ ಇದೊಂದೇ ನಿಂತುಹೋಗಬಹುದೇ? ಕಾಂಪೊನೆಂಟ್ ಹಂತದಲ್ಲಿ: ಒಂದೇ ಪ್ರಕ್ರಿಯೆಯೊಳಗೆ ಇದಕ್ಕೆ ತನ್ನದೇ ಕೆಲಸ ಮತ್ತು ತನ್ನದೇ ಬಾಗಿಲು ಇದೆಯೇ?

ಎರಡನೆಯ ಪ್ರಶ್ನೆಯೇ ಹೆಚ್ಚು ಕೆಲಸ ಮಾಡುತ್ತದೆ. ಪೋಸ್ಟ್‌ಗ್ರೆಸ್ ನಿಂತರೂ ಎಪಿಐ ಪ್ರಕ್ರಿಯೆ ಜೀವಂತವಾಗಿರುತ್ತದೆ, ದೋಷ ಸಂದೇಶ ಕೊಡುತ್ತಿರುತ್ತದೆ. ಹಾಗಾಗಿ ಅದು ಪ್ರತ್ಯೇಕ ಕಂಟೇನರ್. ಪಿಡಿಎಫ್ ಲೈಬ್ರರಿ ತಾನೊಂದೇ ನಿಲ್ಲಲಾರದು. ಅದನ್ನು ಕರೆಯುವ ಪ್ರಕ್ರಿಯೆಯ ಜೊತೆಗೇ ಅದರ ಅಳಿವು ಉಳಿವು. ಆದ್ದರಿಂದ ಅದು ಈ ಹಂತಕ್ಕೆ ಬರುವುದಿಲ್ಲ. ಎಪಿಐಯ ಮೂರು ಪ್ರತಿಗಳು ಒಂದೇ ಚೌಕ. ಮೂರು ಎಂಬ ಸಂಖ್ಯೆ ನಾಳೆ ಐದಾದರೆ ವಿನ್ಯಾಸ ಬದಲಾಗುವುದಿಲ್ಲ. ಸಂಖ್ಯೆಯೂ ಅವುಗಳ ಮುಂದೆ ನಿಂತ ಎನ್‌ಜಿನ್‌ಎಕ್ಸ್ ಕೂಡ ನಿಯೋಜನೆಯ ಚಿತ್ರಕ್ಕೆ ಹೋಗಲಿ. ಆದರೆ ಅಲ್ಲಿ ನೀವು ಬರೆದ ದೃಢೀಕರಣದ ತರ್ಕವೇನಾದರೂ ಇದ್ದರೆ ಅದು ದಾರಿ ತೋರಿಸುವ ಯಂತ್ರ ಮಾತ್ರವಲ್ಲ. ಆಗ ಅದಕ್ಕೊಂದು ಚೌಕ ಕೊಡಿ.

ಇಳಾ

ನನ್ನ ನಿಯಮ ಇನ್ನೂ ಸರಳ. ನಾವು ಬರೆದ ಕೋಡ್ ಎಲ್ಲವೂ ಒಳಗೆ, ನಾವು ಬರೆಯದ್ದು ಎಲ್ಲವೂ ಹೊರಗೆ. ಪೋಸ್ಟ್‌ಗ್ರೆಸ್, ರೆಡಿಸ್, ರ್‍ಯಾಬಿಟ್‌ಎಂಕ್ಯೂ ನಾವು ಬರೆದದ್ದಲ್ಲ. ಹಾಗಾಗಿ ಹಣ ಪಾವತಿ ಸೇವೆಯ ಪಕ್ಕದಲ್ಲಿ, ಕಾಂಟೆಕ್ಸ್ಟ್ ಚಿತ್ರದಲ್ಲಿ ಬೂದು ಬಣ್ಣದ ಚೌಕಗಳಾಗಿ ತೋರಿಸುತ್ತೇನೆ. ಮೇಲಿನ ಚಿತ್ರದಲ್ಲಿ ಬಾಣಗಳ ಮೇಲೆ ತಂತ್ರಜ್ಞಾನದ ಹೆಸರು ಬರೆಯಬಾರದು ಎಂಬುದನ್ನೂ ಪಾಲಿಸುತ್ತೇನೆ.

ವಸಂತ

ಇಳಾ ಅವರ ಎರಡನೆಯ ಮಾತನ್ನು ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪಲಾರೆ. ಪೋಸ್ಟ್‌ಗ್ರೆಸ್ಸನ್ನು ಬರೆದವರು ಬೇರೆ, ಆದರೆ ಅದರೊಳಗಿನ ಕೋಷ್ಟಕಗಳ ರಚನೆ ನಿಮ್ಮದು, ಅದರಲ್ಲಿರುವ ದತ್ತಾಂಶ ನಿಮ್ಮದು. ಯಾವುದೋ ಕ್ಲೌಡ್ ಕಂಪನಿಯಿಂದ ಬಾಡಿಗೆಗೆ ಪಡೆದಿದ್ದರೂ ಅದು ನಿಮ್ಮ ವ್ಯವಸ್ಥೆಯ ಒಳಗೇ ಇದೆ. ಹಣ ಪಾವತಿ ಸೇವೆ ಹಾಗಲ್ಲ: ಅದರ ದತ್ತಾಂಶದ ರಚನೆಯನ್ನು ನೀವು ಬದಲಿಸಲಾರಿರಿ, ಅದರ ಹೊಸ ಆವೃತ್ತಿ ಯಾವಾಗ ಬರಬೇಕೆಂದು ನೀವು ಹೇಳಲಾರಿರಿ. ಕೋಡನ್ನು ಯಾರು ಬರೆದರು ಎಂಬುದಕ್ಕಿಂತ, ಬದಲಾವಣೆಯನ್ನು ಯಾರು ತೀರ್ಮಾನಿಸುತ್ತಾರೆ ಎಂಬುದೇ ಗಡಿ.

ಡೇಟಾಬೇಸನ್ನು ಮೇಲಿನ ಚಿತ್ರಕ್ಕೆ ಎಳೆದರೆ ಇನ್ನೊಂದು ತೊಂದರೆ ಇದೆ. ಆ ಚಿತ್ರ ನೋಡುವವರು ಸ್ವಾಗತ ವಿಭಾಗದ ಮುಖ್ಯಸ್ಥರೂ ಆಗಿರಬಹುದು. ಅವರು ಪ್ರತಿ ಬಾಣವನ್ನೂ ಓದಿ ‘ಹೌದು, ಹೀಗೇ ನಡೆಯುತ್ತದೆ’ ಅಥವಾ ‘ಇಲ್ಲ’ ಎನ್ನಲು ಸಾಧ್ಯವಾಗಬೇಕು. ‘ರೋಗಿ ಸಮಯ ಕಾಯ್ದಿರಿಸುತ್ತಾನೆ’ ಎಂದರೆ ಅವರು ಉತ್ತರಿಸಬಲ್ಲರು. ‘ಪೋಸ್ಟ್‌ಗ್ರೆಸ್ಸಿಗೆ ಬರೆಯುತ್ತದೆ’ ಎಂದರೆ ಅವರು ಮೌನವಾಗಿ ತಲೆಯಾಡಿಸುತ್ತಾರೆ. ಆ ಒಪ್ಪಿಗೆಗೆ ಬೆಲೆಯಿಲ್ಲ.

ನಂದಿನಿಯವರೇ, ಮೊದಲು ಮೇಲಿನ ಚಿತ್ರ ಮಾತ್ರ ಬಿಡಿಸಿ, ವೈದ್ಯರಿಂದಲೋ ಸ್ವಾಗತ ವಿಭಾಗದವರಿಂದಲೋ ಓದಿಸಿ, ಏನು ಹೇಳುತ್ತಾರೆಂದು ಇಲ್ಲಿ ಬರೆಯಿರಿ.

ನಂದಿನಿ

ಬಿಡಿಸಿ ಓದಿಸಿದೆ. ಮಧ್ಯದಲ್ಲಿ ನಮ್ಮ ವ್ಯವಸ್ಥೆ. ಸುತ್ತಲೂ ರೋಗಿ, ಸ್ವಾಗತಕಾರರು, ವೈದ್ಯರು ಎಂಬ ಮೂವರು ವ್ಯಕ್ತಿಗಳು. ರೋಗಿಗಳ ದಾಖಲೆ, ಹಣ ಪಾವತಿ, ಎಸ್‌ಎಂಎಸ್, ಲಾಗಿನ್ ಎಂಬ ನಾಲ್ಕು ಹೊರಗಿನ ವ್ಯವಸ್ಥೆಗಳು. ಬಾಣಗಳ ಮೇಲೆ ಪೂರ್ಣ ಕ್ರಿಯಾಪದಗಳನ್ನು ಬರೆದೆ.

‘ವೈದ್ಯರು ದಿನದ ಭೇಟಿಗಳ ಪಟ್ಟಿ ನೋಡುತ್ತಾರೆ’ ಎಂಬ ಬಾಣವನ್ನು ಓದಿದ ವೈದ್ಯರೊಬ್ಬರು, ತಾವು ಈ ತಂತ್ರಾಂಶವನ್ನು ತೆರೆಯುವುದೇ ಇಲ್ಲ, ಬೆಳಿಗ್ಗೆ ಇಮೇಲಿನಲ್ಲಿ ಪಟ್ಟಿ ಬರುತ್ತದೆ ಎಂದರು. ಹುಡುಕಿದಾಗ ಹಿನ್ನೆಲೆ ಕೆಲಸಗಳ ಪ್ರಕ್ರಿಯೆಯೊಳಗೆ ಇಮೇಲ್ ಕಳುಹಿಸುವ ಕೋಡ್ ಸಿಕ್ಕಿತು. 40 ಚೌಕಗಳಿದ್ದ ಹಳೆಯ ಚಿತ್ರದಲ್ಲಿ ಇಮೇಲ್ ಸೇವೆಯೇ ಇರಲಿಲ್ಲ! ಪಿಡಿಎಫ್ ಲೈಬ್ರರಿ ಏಕೆ ಬೇಕಾಗಿತ್ತು ಎಂಬುದೂ ಈಗ ತಿಳಿಯಿತು: ಆ ಪಟ್ಟಿಯನ್ನು ತಯಾರಿಸುವುದಕ್ಕೆ.

ಈಗ ಕಂಟೇನರ್ ಹಂತ. ವೆಬ್, ಮೊಬೈಲ್, ಎಪಿಐ, ಹಿನ್ನೆಲೆ ಕೆಲಸಗಾರ ಪ್ರಕ್ರಿಯೆ, ಪೋಸ್ಟ್‌ಗ್ರೆಸ್ ಐದೂ ಸ್ಪಷ್ಟ. ರೆಡಿಸ್ ಬರೀ ಕ್ಯಾಶ್, ಅದಿಲ್ಲದಿದ್ದರೂ ನಡೆಯುತ್ತದೆ ಎಂದು ತಂಡದವರು ಹೇಳುತ್ತಾರೆ. ಬಿಟ್ಟುಬಿಡಲೇ? ರ್‍ಯಾಬಿಟ್‌ಎಂಕ್ಯೂ ಒಂದು ಚೌಕ ಸಾಕೇ?

ವಸಂತ

ರೆಡಿಸ್ ಬಿಡುವ ಮೊದಲು ಎಪಿಐಯಿಂದ ಅದರತ್ತ ಹೋಗುವ ಬಾಣದ ಮೇಲೆ ಒಂದು ವಾಕ್ಯ ಬರೆಯಿರಿ. ‘ಬಳಸುತ್ತದೆ’ ಎಂಬ ಪದ ಬೇಡ, ಅದು ಏನನ್ನೂ ಹೇಳುವುದಿಲ್ಲ. ಏನನ್ನು ಇಡುತ್ತದೆ, ಎಷ್ಟು ಹೊತ್ತು, ಆ ದತ್ತಾಂಶದ ಇನ್ನೊಂದು ಪ್ರತಿ ಬೇರೆಲ್ಲಾದರೂ ಇದೆಯೇ? ಕೋಡ್ ನೋಡಿ ಬರೆಯಿರಿ. ನೆನಪಿನಿಂದ ಬರೆದದ್ದನ್ನು ಇಲ್ಲಿ ನಂಬಲಾಗದು.

ನಂದಿನಿ

ಕೋಡ್ ನೋಡಿದೆ. ಎರಡು ಬಗೆಯ ದತ್ತಾಂಶ ಇದೆ. ವೈದ್ಯರ ಹೆಸರುಗಳ ಪಟ್ಟಿ, ಇದು ಪೋಸ್ಟ್‌ಗ್ರೆಸ್ಸಿನಲ್ಲೂ ಇದೆ. ಇನ್ನೊಂದು, ರೋಗಿ ಹಣ ಪಾವತಿಸುತ್ತಿರುವಾಗ ಆ ಸಮಯವನ್ನು ಬೇರೆಯವರಿಗೆ ಕೊಡದಂತೆ ಹತ್ತು ನಿಮಿಷ ಹಿಡಿದಿಡುವ ಗುರುತು. ಇದು ರೆಡಿಸ್‌ನಲ್ಲಿ ಮಾತ್ರ ಇದೆ. ಅಂದರೆ ಆ ಹತ್ತು ನಿಮಿಷಗಳ ನಡುವೆ ರೆಡಿಸ್ ಮರುಪ್ರಾರಂಭವಾಗಿ ಗುರುತು ಅಳಿದರೆ, ಇಬ್ಬರು ಒಂದೇ ಸಮಯಕ್ಕೆ ಹಣ ಕೊಡಬಹುದು.

ವಸಂತ

ಹಾಗಾದರೆ ಅದು ಬರೀ ಕ್ಯಾಶ್ ಅಲ್ಲ. ಚಿತ್ರದಲ್ಲಿ ಉಳಿಯಬೇಕು, ಬಾಣದ ಮೇಲೆ ‘ಪಾವತಿ ಮುಗಿಯುವವರೆಗೆ ಭೇಟಿಯ ಸಮಯವನ್ನು ಹಿಡಿದಿಡುತ್ತದೆ’ ಎಂದೇ ಇರಬೇಕು. ಚೌಕ ಇರಬೇಕೋ ಬೇಡವೋ ಎಂಬ ಚರ್ಚೆಗಿಂತ ಬಾಣದ ಮೇಲಿನ ಮಾತು ಎಷ್ಟೋ ಸಲ ಹೆಚ್ಚಿನದನ್ನು ಹೊರತೆಗೆಯುತ್ತದೆ. ಪೋಸ್ಟ್‌ಗ್ರೆಸ್ಸಿನಲ್ಲಿ ವೈದ್ಯರು ಮತ್ತು ಸಮಯಕ್ಕೆ ಜಂಟಿ ಯೂನಿಕ್ ನಿರ್ಬಂಧ ಇದೆಯೇ ಎಂದೂ ನೋಡಿ. ಇದ್ದರೆ ಎರಡನೆಯ ಕಾಯ್ದಿರಿಸುವಿಕೆ ಕೊನೆಯಲ್ಲಿ ವಿಫಲವಾಗುತ್ತದೆ, ಹಣ ಮರಳಿಸಿದರೆ ಸಾಕು. ಇಲ್ಲದಿದ್ದರೆ ಇಬ್ಬರು ರೋಗಿಗಳು ಒಂದೇ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಾರೆ. ಆ ನಿರ್ಬಂಧ ಮಾತ್ರ ಯಾವ ಹಂತದ ಚಿತ್ರಕ್ಕೂ ಬೇಡ. ಅದರ ಜಾಗ ಕೋಷ್ಟಕಗಳ ರಚನೆಯ ದಾಖಲೆ.

ಶಶಿಧರ

ರ್‍ಯಾಬಿಟ್‌ಎಂಕ್ಯೂ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಾನು ಹಿಂದೆ ಕೆಲಸ ಮಾಡಿದ ಕಡೆ ಕಾಫ್ಕಾ ಇತ್ತು, ತತ್ವ ಒಂದೇ. ಕಂಟೇನರ್ ಚಿತ್ರದ ನಡುವೆ ‘ಕಾಫ್ಕಾ’ ಎಂಬ ಉದ್ದನೆಯ ಚೌಕ, ಸುತ್ತಲಿನ ಎಲ್ಲ ಸೇವೆಗಳಿಂದ ಅದಕ್ಕೆ ಬಾಣ, ಅದರಿಂದ ಎಲ್ಲ ಸೇವೆಗಳಿಗೆ ಬಾಣ. ನೋಡಲು ಅಚ್ಚುಕಟ್ಟಾಗಿತ್ತು. ಆದರೆ ಯಾರು ಯಾರನ್ನು ಅವಲಂಬಿಸಿದ್ದಾರೆ ಎಂಬ ಒಂದೇ ಒಂದು ಸಂಗತಿಯೂ ಅದರಿಂದ ತಿಳಿಯುತ್ತಿರಲಿಲ್ಲ.

ಪಾವತಿಯ ಫಲಿತಾಂಶ ಹೊತ್ತ ಸಂದೇಶದಲ್ಲಿ ಮೊತ್ತದ ಕ್ಷೇತ್ರ ಪೂರ್ಣಾಂಕದಿಂದ ದಶಮಾಂಶಕ್ಕೆ ಬದಲಾಯಿತು. ಆ ಸಂದೇಶವನ್ನು ಓದುವವರು ಇಬ್ಬರು ಎಂದು ಎಲ್ಲರೂ ತಿಳಿದಿದ್ದರು, ಇಬ್ಬರಿಗೂ ಮೊದಲೇ ಹೇಳಿದ್ದರು. ಮೂರನೆಯದಾಗಿ ವರದಿ ತಯಾರಿಸುವ ಪ್ರಕ್ರಿಯೆಯೊಂದು ಓದುತ್ತಿತ್ತು. ಅದು ನಿಲ್ಲಲೂ ಇಲ್ಲ, ಕೂಗಲೂ ಇಲ್ಲ. ಓದಲಾಗದ ಸಂದೇಶಗಳನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತಿತ್ತು. ತಿಂಗಳ ಲೆಕ್ಕ ತಾಳೆಯಾಗದಿದ್ದಾಗ ಗೊತ್ತಾಯಿತು. ಆ ಮೇಲೆ ಪ್ರತಿ ಟಾಪಿಕ್ಕಿಗೂ ಒಂದೊಂದು ಚೌಕ ಬಿಡಿಸಿದೆವು. ಮೂರನೆಯ ಬಾಣ ಕಣ್ಣಿಗೆ ಹೊಡೆಯುವಂತೆ ಕಾಣಿಸಿತು.

ಇಳಾ

ಇಷ್ಟರಮಟ್ಟಿಗೆ ಒಪ್ಪುತ್ತೇನೆ. ಆದರೆ ಟಾಪಿಕ್ ಒಂದು ಪ್ರತ್ಯೇಕ ಪ್ರಕ್ರಿಯೆ ಅಲ್ಲವಲ್ಲ? ವಸಂತ ಅವರ ‘ಇದೊಂದೇ ನಿಂತುಹೋಗಬಹುದೇ’ ಪರೀಕ್ಷೆಯಲ್ಲಿ ಬ್ರೋಕರ್ ತೇರ್ಗಡೆಯಾಗುತ್ತದೆ, ಟಾಪಿಕ್ ಆಗುವುದಿಲ್ಲ.

ವಸಂತ

ಒಳ್ಳೆಯ ಆಕ್ಷೇಪ. ದತ್ತಾಂಶ ಇಡುವ ಜಾಗಗಳಿಗೆ ಆ ಪರೀಕ್ಷೆಯನ್ನು ಸ್ವಲ್ಪ ತಿದ್ದಬೇಕು. ಒಂದೇ ಪೋಸ್ಟ್‌ಗ್ರೆಸ್ ಸರ್ವರಿನಲ್ಲಿ ಎರಡು ತಂಡಗಳ ಎರಡು ಬೇರೆ ಡೇಟಾಬೇಸುಗಳು ಇದ್ದರೆ ನಾನು ಎರಡು ಚೌಕ ಬಿಡಿಸುತ್ತೇನೆ, ಸರ್ವರ್ ಒಂದೇ ಎಂಬುದನ್ನು ನಿಯೋಜನೆಯ ಚಿತ್ರದಲ್ಲಿ ಹೇಳುತ್ತೇನೆ. ಕ್ಯೂಗಳಿಗೂ ಅದೇ ನ್ಯಾಯ. ಕ್ಯೂ ಎಂದರೆ ಸಂದೇಶಗಳನ್ನು ಹಿಡಿದಿಡುವ ಜಾಗ, ಬ್ರೋಕರ್ ಎಂದರೆ ಆ ಜಾಗಗಳನ್ನು ನಡೆಸುವ ಯಂತ್ರ. ಸಿ4 ಪದ್ಧತಿಯನ್ನು ರೂಪಿಸಿದ ಸೈಮನ್ ಬ್ರೌನ್ ಅವರ ಸಲಹೆಯೂ ಹೀಗೇ ಇದೆ.

ನಂದಿನಿಯವರ ವ್ಯವಸ್ಥೆಯಲ್ಲಿ ಎರಡೇ ಕ್ಯೂಗಳಿದ್ದರೆ ಎರಡು ಚೌಕ ಹಾಕಿ: ‘ನೆನಪೋಲೆಗಳು’, ‘ಪಾವತಿ ಫಲಿತಾಂಶಗಳು’. ಬ್ರೋಕರಿನ ಹೆಸರು ಚೌಕದೊಳಗೆ ತಂತ್ರಜ್ಞಾನವಾಗಿ ಇರಲಿ.

ಶಶಿಧರ

ನಮ್ಮಲ್ಲಿ ಟಾಪಿಕ್‌ಗಳು 60 ದಾಟಿದಾಗ ಅದೂ ಕೈಕೊಟ್ಟಿತು. ಚಿತ್ರದ ತುಂಬ ಟಾಪಿಕ್‌ಗಳೇ. ಕೊನೆಗೆ ಕೆಲವರು ಟಾಪಿಕ್ ಚೌಕಗಳನ್ನು ತೆಗೆದು, ಕಳುಹಿಸುವವರಿಂದ ಓದುವವರಿಗೆ ನೇರವಾಗಿ ಚುಕ್ಕಿಗೆರೆಯ ಬಾಣ ಎಳೆದು, ಅದರ ಮೇಲೆ ಟಾಪಿಕ್ಕಿನ ಹೆಸರು ಬರೆದರು. ಇನ್ನು ಕೆಲವರು ಚಿತ್ರವನ್ನೇ ಪಾವತಿಗೊಂದು, ಸಾಗಣೆಗೊಂದು ಎಂದು ವಿಷಯವಾರು ಹೋಳು ಮಾಡಿದರು. ಯಾವುದು ಮೇಲು ಎಂದು ನಮ್ಮ ತಂಡದಲ್ಲಿ ಒಮ್ಮತ ಬರಲೇ ಇಲ್ಲ. ನನಗೆ ಹೋಳು ಮಾಡುವುದೇ ಸರಿ ಎನಿಸುತ್ತದೆ, ಏಕೆಂದರೆ ಒಂದು ಟಾಪಿಕ್ಕನ್ನು ಐವರು ಓದುವಾಗ ನೇರ ಬಾಣಗಳು ಐದಾಗುತ್ತವೆ, ಅವು ಒಂದೇ ಸಂದೇಶದ ಬಾಣಗಳೆಂಬುದು ಮರೆಯಾಗುತ್ತದೆ.

ನಂದಿನಿ

ನನ್ನ ಎರಡು ಕ್ಯೂಗಳಿಗೆ ಚೌಕ ಕೊಟ್ಟೆ. ಮೂರೂ ಹಂತಗಳನ್ನು ಒಂದೇ ಮಾದರಿಯಿಂದ ತೆಗೆಯಲು ಸ್ಟ್ರಕ್ಚರೈಸರ್ ಭಾಷೆಯಲ್ಲಿ ಬರೆಯಲು ಶುರು ಮಾಡಿದೆ. ಒಂದು ತುಣುಕು ಇಲ್ಲಿದೆ:

```
patient = person "ರೋಗಿ"
payment = softwareSystem "ಹಣ ಪಾವತಿ ಸೇವೆ"
booking = softwareSystem "ಭೇಟಿ ಕಾಯ್ದಿರಿಸುವಿಕೆ" {
  api = container "ಎಪಿಐ" "ನಿಯಮಗಳು" "Spring Boot"
}
api -> payment "ಪಾವತಿ ಕೋರುತ್ತದೆ" "JSON/HTTPS"
```

ಕಾಂಟೆಕ್ಸ್ಟ್ ಚಿತ್ರದಲ್ಲಿ ನಮ್ಮ ವ್ಯವಸ್ಥೆಯಿಂದ ಪಾವತಿ ಸೇವೆಗೆ ಬಾಣ ತಾನಾಗಿಯೇ ಬಂತು, ಸಂತೋಷ. ಆದರೆ ಅದರ ಮೇಲೆ `JSON/HTTPS` ಕೂಡ ಬಂದಿದೆ. ಮೇಲಿನ ಹಂತಕ್ಕೆ ಇದು ಬೇಡ ಎಂದು ಇಲ್ಲೇ ಮಾತಾಡಿದ್ದೆವು.

ವಸಂತ

ಆ ಭಾಷೆ ಒಳಗಿನ ಸಂಬಂಧವನ್ನು ಮೇಲಿನ ಹಂತಕ್ಕೂ ಒಯ್ಯುತ್ತದೆ, ಅದರ ವಿವರಣೆ ಮತ್ತು ತಂತ್ರಜ್ಞಾನದ ಸಮೇತ. ಮೇಲಿನ ಹಂತದ ಸಂಬಂಧವನ್ನು ನೀವೇ ಮೊದಲು ಬರೆದರೆ ಅದು ಹೊಸದನ್ನು ಹುಟ್ಟಿಸುವುದಿಲ್ಲ:

```
booking -> payment "ಭೇಟಿ ಶುಲ್ಕ ವಸೂಲಿಗೆ ಕೋರುತ್ತದೆ"
api -> payment "ಪಾವತಿ ಕೋರುತ್ತದೆ" "JSON/HTTPS"
```

ಸಾಲುಗಳ ಕ್ರಮ ಮುಖ್ಯ. ಇದನ್ನೇ ತಿರುವುಮುರುವಾಗಿ ಬರೆದರೆ ಮೇಲಿನ ಚಿತ್ರದಲ್ಲಿ ಎರಡು ಬಾಣಗಳು ಬರುತ್ತವೆ. ಸ್ವಲ್ಪ ಹೆಚ್ಚು ಬರವಣಿಗೆಯಾಗುತ್ತದೆ, ಆದರೂ ನನಗೆ ಇದು ಇಷ್ಟ. ಮೇಲಿನ ಮಾತು ಮೇಲಿನ ಓದುಗರಿಗಾಗಿಯೇ ಬರೆದದ್ದಾಗಿರಬೇಕು; ಕೆಳಗಿನದು ತಾನಾಗಿ ತೇಲಿಬಂದರೆ ಹಂತಗಳನ್ನು ಬೇರ್ಪಡಿಸಿದ್ದಕ್ಕೆ ಅರ್ಥವಿರುವುದಿಲ್ಲ.

ಮಾಲತಿ

ಇಲ್ಲಿಯವರೆಗಿನದ್ದೆಲ್ಲ ನನಗೆ ಒಪ್ಪಿಗೆ. ಇನ್ನು ಕಾಂಪೊನೆಂಟ್ ಹಂತಕ್ಕೆ ಹೋಗುವ ಮುನ್ನ ನಿಲ್ಲಿ ಎಂದು ಕೇಳಿಕೊಳ್ಳುತ್ತೇನೆ. ಬಿಡಿಸಿದ ಕೆಲವೇ ವಾರಗಳಲ್ಲಿ ಆ ಚಿತ್ರ ಸುಳ್ಳಾಗುತ್ತದೆ. ಯಾರೋ ಒಂದು ಪ್ಯಾಕೇಜನ್ನು ಎರಡಾಗಿ ಒಡೆಯುತ್ತಾರೆ, ಚಿತ್ರಕ್ಕೆ ಯಾರೂ ಕೈಹಚ್ಚುವುದಿಲ್ಲ. ಹೊಸದಾಗಿ ಸೇರಿದವರು ಅದನ್ನು ನಂಬಿ ಇಲ್ಲದ ಕೋಡನ್ನು ಹುಡುಕುತ್ತಾರೆ. ತಪ್ಪು ಚಿತ್ರ ಇರುವುದಕ್ಕಿಂತ ಚಿತ್ರವೇ ಇಲ್ಲದಿರುವುದು ಮೇಲು. ಮೊದಲೆರಡು ಹಂತಗಳನ್ನು ಮಾತ್ರ ಇಟ್ಟುಕೊಳ್ಳಿ.

ನಂದಿನಿ

ಮಾಲತಿಯವರೇ, ನಾನು ಈಗಾಗಲೇ ಎಪಿಐಗೆ ಒಂದು ಕಾಂಪೊನೆಂಟ್ ಚಿತ್ರ ಬಿಡಿಸಿದ್ದೇನೆ, ಅದರಲ್ಲಿ 17 ಚೌಕಗಳು. ಪ್ರತಿ ಕಂಟ್ರೋಲರ್, ಪ್ರತಿ ರೆಪೊಸಿಟರಿ, ಟೋಕನ್ ಫಿಲ್ಟರ್ ಎಲ್ಲವೂ ಇವೆ. ಫಿಲ್ಟರಿನಿಂದ ಎಲ್ಲ ಕಂಟ್ರೋಲರ್‌ಗಳಿಗೆ ಬಾಣ ಎಳೆದ ಮೇಲೆ ಉಳಿದದ್ದು ಏನೂ ಕಾಣುತ್ತಿಲ್ಲ.

ವಸಂತ

17 ಚೌಕಗಳು ಬಂದದ್ದು ಕ್ಲಾಸುಗಳನ್ನು ಎಣಿಸಿದ್ದರಿಂದ. ಕೆಲಸಗಳನ್ನು ಎಣಿಸಿ. ಎಪಿಐಯೊಳಗೆ ನಿಜವಾಗಿ ಏನೇನು ಕೆಲಸಗಳಿವೆ? ನಿಮ್ಮ ವಿವರಣೆಯಿಂದ ನನಗೆ ಕಾಣುವುದು: ಖಾಲಿ ಸಮಯ ಹುಡುಕುವುದು, ಕಾಯ್ದಿರಿಸುವುದು, ಪಾವತಿ ನಿರ್ವಹಣೆ, ದಾಖಲೆ ವ್ಯವಸ್ಥೆಯೊಡನೆ ಮಾತಾಡುವ ಭಾಗ. ಕಂಟ್ರೋಲರ್ ಮತ್ತು ರೆಪೊಸಿಟರಿಗಳು ಈ ನಾಲ್ಕರ ಒಳಗಿನ ಅಂಗಗಳು. ‘ಕಾಯ್ದಿರಿಸುವುದು’ ಎಂಬ ಚೌಕಕ್ಕೆ ಕೋಡಿನಲ್ಲಿ ಅದೇ ಹೆಸರಿನ ಪ್ಯಾಕೇಜ್ ಇರಬೇಕು, ಹೊರಗಿನವರು ಅದನ್ನು ಒಂದೋ ಎರಡೋ ಇಂಟರ್‌ಫೇಸ್ ಮೂಲಕ ಮಾತ್ರ ಮುಟ್ಟಬೇಕು. ಚೌಕದ ಹೆಸರನ್ನು ಕೋಡಿನಲ್ಲಿ ಹುಡುಕಿದರೆ ಸಿಗದಿದ್ದಾಗ ಎರಡರಲ್ಲಿ ಒಂದು ತಪ್ಪಾಗಿದೆ, ಮತ್ತು ಬಹುಪಾಲು ಅದು ಕೋಡೇ ಆಗಿರುತ್ತದೆ: ಕಂಟ್ರೋಲರ್‌ಗಳೆಲ್ಲ ಒಂದು ಪ್ಯಾಕೇಜಿನಲ್ಲಿ, ರೆಪೊಸಿಟರಿಗಳೆಲ್ಲ ಇನ್ನೊಂದರಲ್ಲಿ ಇದ್ದು, ಕೆಲಸದ ಪ್ರಕಾರ ಎಲ್ಲೂ ಒಂದಾಗಿರುವುದಿಲ್ಲ.

ಟೋಕನ್ ಫಿಲ್ಟರಿಗೆ ಚೌಕ ಬೇಡ. ಎಲ್ಲ ಕೋರಿಕೆಗಳೂ ಅದನ್ನು ದಾಟಿ ಬರುತ್ತವೆ ಎಂದು ಚಿತ್ರದ ಕೆಳಗೆ ಒಂದು ಸಾಲು ಸಾಕು. ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ಸಂಗತಿ ಯಾವ ಎರಡು ಚೌಕಗಳ ನಡುವಿನ ವ್ಯತ್ಯಾಸವನ್ನೂ ತೋರಿಸುವುದಿಲ್ಲ.

ಮಾಲತಿ

ನಾಲ್ಕು ಚೌಕಗಳ ಚಿತ್ರವಾದರೂ ಹಳಸುವುದು ತಪ್ಪುವುದಿಲ್ಲ. ನಾಳೆ ‘ಖಾಲಿ ಸಮಯ ಹುಡುಕುವ’ ಭಾಗದಿಂದ ಯಾರಾದರೂ ಪಾವತಿಯ ಕೋಷ್ಟಕವನ್ನು ನೇರವಾಗಿ ಓದಿದರೆ ಚಿತ್ರಕ್ಕೆ ಹೇಗೆ ಗೊತ್ತಾಗುತ್ತದೆ?

ಶಶಿಧರ

ಜಾವಾ ಆದ್ದರಿಂದ ಆರ್ಕ್‌ಯೂನಿಟ್ ಬಳಸಬಹುದು. ‘ಈ ಪ್ಯಾಕೇಜ್ ಆ ಪ್ಯಾಕೇಜನ್ನು ಮುಟ್ಟಕೂಡದು’ ಎಂದು ಪರೀಕ್ಷೆ ಬರೆದರೆ ನಿಯಮ ಮುರಿದ ದಿನವೇ ಬಿಲ್ಡ್ ನಿಲ್ಲುತ್ತದೆ. ಚಿತ್ರದಲ್ಲಿ ಇಲ್ಲದ ಪ್ರತಿಯೊಂದು ಬಾಣಕ್ಕೂ ಒಂದು ನಿಯಮ.

ಮಾಲತಿ

ಕ್ಲಾಸುಗಳ ಅವಲಂಬನೆಯನ್ನು ಅದು ಹಿಡಿಯುತ್ತದೆ. ನೇರ ಎಸ್‌ಕ್ಯೂಎಲ್ ವಾಕ್ಯವೊಂದರಲ್ಲಿ ಬೇರೆಯವರ ಕೋಷ್ಟಕದ ಹೆಸರು ಬರೆದರೆ ಹಿಡಿಯುವುದಿಲ್ಲ, ಅದು ಬರೀ ಅಕ್ಷರಗಳ ಸಾಲು. ನಮ್ಮಲ್ಲಿ ಸೋರಿದ್ದು ಯಾವಾಗಲೂ ಆ ದಾರಿಯಲ್ಲೇ. ಅದಕ್ಕೆ ಕೋಷ್ಟಕಗಳನ್ನು ಬೇರೆ ಬೇರೆ ಸ್ಕೀಮಾಗಳಿಗೆ ಹಾಕಿ, ಪ್ರತಿ ಭಾಗಕ್ಕೂ ಬೇರೆ ಡೇಟಾಬೇಸ್ ಬಳಕೆದಾರ ಹೆಸರು ಕೊಡಬೇಕಾಗುತ್ತದೆ. ಅಷ್ಟು ಮಾಡುವವರಿಗೆ ಚಿತ್ರ ಉಳಿಯುತ್ತದೆ, ಒಪ್ಪುತ್ತೇನೆ. ಮಾಡದವರಿಗೆ ನನ್ನ ಸಲಹೆ ಬದಲಾಗಿಲ್ಲ.

ನಂದಿನಿ

ಎಪಿಐಗೆ ಮಾತ್ರ ನಾಲ್ಕು ಚೌಕಗಳ ಚಿತ್ರ ಇಡುತ್ತೇನೆ, ಆರ್ಕ್‌ಯೂನಿಟ್ ನಿಯಮಗಳ ಸಮೇತ. ಹಿನ್ನೆಲೆ ಪ್ರಕ್ರಿಯೆಗೆ ಬೇಡ, ಅದರೊಳಗೆ ಹೇಳುವಂಥದ್ದೇನೂ ಇಲ್ಲ. ಯೂನಿಕ್ ನಿರ್ಬಂಧ ಇರಲಿಲ್ಲ, ಅದಕ್ಕೆ ಬೇರೆ ಕೆಲಸದ ಚೀಟಿ ತೆರೆದಿದ್ದೇನೆ.

ಒಂದು ಪ್ರಶ್ನೆ ಉಳಿಯಿತು. ಪಾವತಿ ಸೇವೆ ಕೆಲವೊಮ್ಮೆ ಒಂದೇ ಫಲಿತಾಂಶವನ್ನು ಎರಡು ಸಲ ಕಳುಹಿಸುತ್ತದೆ, ಎರಡನೆಯದನ್ನು ನಾವು ಕಡೆಗಣಿಸುತ್ತೇವೆ. ಇದನ್ನು ಯಾವ ಹಂತದಲ್ಲಿ ತೋರಿಸಲಿ?

ವಸಂತ

ಮೂರರಲ್ಲಿ ಯಾವುದರಲ್ಲೂ ಬೇಡ. ಈ ಮೂರೂ ಚಿತ್ರಗಳು ಏನೇನು ಇದೆ, ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಹೇಳುತ್ತವೆ. ಮೊದಲು ಏನಾಯಿತು, ಆಮೇಲೆ ಏನಾಯಿತು ಎಂಬುದು ಬೇರೆ ಬಗೆಯ ಚಿತ್ರ. ಕಂಟೇನರ್ ಹಂತದ ಅದೇ ಚೌಕಗಳನ್ನು ಇಟ್ಟುಕೊಂಡು, ಈ ಒಂದು ಘಟನೆಯ ಬಾಣಗಳಿಗೆ 1, 2, 3 ಎಂದು ಸಂಖ್ಯೆ ಹಾಕಿ ಡೈನಾಮಿಕ್ ಚಿತ್ರ ಬಿಡಿಸಿ. ಎಲ್ಲ ಘಟನೆಗಳಿಗೂ ಬಿಡಿಸಬೇಡಿ. ಎರಡು ಸಲ ಬರುವ ಫಲಿತಾಂಶದಂತೆ ಓದುಗರು ಊಹಿಸಲಾರದ್ದಕ್ಕೆ ಮಾತ್ರ.

ಇಳಾ

ನನ್ನದೂ ಒಂದು. ರೋಗಿಗಳ ದಾಖಲೆ ವ್ಯವಸ್ಥೆಯನ್ನು ಮುಂದೆ ನಂದಿನಿಯವರ ತಂಡವೇ ವಹಿಸಿಕೊಂಡರೆ? ಕೋಡ್ ಒಂದಕ್ಷರವೂ ಬದಲಾಗದೆ ಅದು ಹೊರಗಿನಿಂದ ಒಳಗೆ ಬಂದುಬಿಡುತ್ತದೆಯೇ?

ವಸಂತ

ನಾನಾದರೆ ತಕ್ಷಣ ಒಳಗೆ ತರುವುದಿಲ್ಲ. ಎರಡನ್ನೂ ಒಟ್ಟಿಗೆ ಯೋಜಿಸಿ, ಒಟ್ಟಿಗೆ ಬಿಡುಗಡೆ ಮಾಡುವ ಸ್ಥಿತಿ ಬಂದಾಗ ತರುತ್ತೇನೆ. ಅಲ್ಲಿಯವರೆಗೆ ಒಂದೇ ತಂಡದ ಎರಡು ವ್ಯವಸ್ಥೆಗಳು.

ಶಶಿಧರ

ನಾನು ಆ ದಿನವೇ ಒಳಗೆ ತರುತ್ತೇನೆ. ಬದಲಾವಣೆಯನ್ನು ತೀರ್ಮಾನಿಸುವವರು ಯಾರು ಎಂಬುದೇ ಗಡಿ ಎಂದು ವಸಂತ ಅವರೇ ಮೇಲೆ ಬರೆದಿದ್ದಾರೆ, ಆ ದಿನದಿಂದ ತೀರ್ಮಾನಿಸುವವರು ನಾವೇ ಅಲ್ಲವೇ?